ಪದಚರ್ಚೆ: ಹೀರಿಕೆ ಚಿಲ್ಲರ್‌ನ ಕೈಪಿಡಿಯಲ್ಲಿ ‘ತ್ಯಾಜ್ಯ ಶಾಖ’ ಎಂದರೆ ಯಾವ ಶಾಖ?

ಶಿವಮೊಗ್ಗದಿಂದ, ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯಲ್ಲಿ ಮಿಕ್ಕ ಬಿಸಿನೀರಿನಿಂದ ನಡೆದು ತಂಪುನೀರು ಕೊಡುವ ಅಬ್ಸಾರ್ಪ್ಷನ್ ಚಿಲ್ಲರ್ ಕುರಿತ ಕನ್ನಡ ಕೈಪಿಡಿಯೊಂದನ್ನು ತಿದ್ದುತ್ತಿದ್ದೇನೆ. ಓದುವವರು ಪಾಲಿಟೆಕ್ನಿಕ್ ಹುಡುಗರು ಮತ್ತು ಯಂತ್ರ ನೋಡಿಕೊಳ್ಳುವ ಆಪರೇಟರ್‌ಗಳು. ಇಲ್ಲಿ ಟನ್ ಎಂದರೆ ತೂಕವಲ್ಲ, ತಂಪಿನ ಅಳತೆ; 100 ಟನ್ ಅಂದರೆ 352 ಕಿಲೋವ್ಯಾಟ್. ಕರಡಿನಲ್ಲಿ ಹೀಗೊಂದು ಲೆಕ್ಕವಿದೆ: “100 ಟನ್ ಯಂತ್ರದ ದಕ್ಷತೆ 0.7. ಜನರೇಟರ್‌ಗೆ 503 ಕಿಲೋವ್ಯಾಟ್ ತ್ಯಾಜ್ಯ ಶಾಖ ಬೇಕು. ತ್ಯಾಜ್ಯ ಶಾಖವನ್ನು ಕೂಲಿಂಗ್ ಟವರ್ ಹೊರಹಾಕಬೇಕು.”

ವೇಸ್ಟ್ ಹೀಟ್, ಹೀಟ್ ರಿಜೆಕ್ಷನ್ ಎರಡಕ್ಕೂ ಅನುವಾದಕರು ‘ತ್ಯಾಜ್ಯ ಶಾಖ’ ಎಂದೇ ಬರೆದಿದ್ದಾರೆ. ಇನ್ನೊಂದು ಕಡೆ ‘ತಿರಸ್ಕೃತ ಶಾಖ’ ಎಂದೂ ಇದೆ. ನಿಮ್ಮ ಸಲಹೆ ಏನು? ಸಿಒಪಿಗೆ, ಅಂದರೆ ಸಿಕ್ಕ ತಂಪಿಗೂ ಕೊಟ್ಟ ಶಾಖಕ್ಕೂ ಇರುವ ಅನುಪಾತಕ್ಕೆ, ‘ದಕ್ಷತೆ’ ಸಾಕೇ? ಕ್ರಿಸ್ಟಲೈಸೇಷನ್‌ಗೆ ‘ಹೆಪ್ಪುಗಟ್ಟುವಿಕೆ’ ಎಂದು ಬರೆದಿರುವುದು ಸರಿಯೇ?

ತೀರ್ಥಹಳ್ಳಿಯಿಂದ

‘ತಿರಸ್ಕೃತ’ ಖಂಡಿತ ಬೇಡ. ಯಾರೋ ಕೊಟ್ಟದ್ದನ್ನು ಬೇಡವೆಂದರೆ ಅದು ತಿರಸ್ಕಾರ. ಯಂತ್ರ ತನ್ನಲ್ಲಿರುವುದನ್ನು ಹೊರಗೆ ಬಿಡುತ್ತಿದೆ, ಯಾರದನ್ನೂ ನಿರಾಕರಿಸುತ್ತಿಲ್ಲ.

ಆದರೆ ‘ದಕ್ಷತೆ’ ತೆಗೆಯಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಹತ್ತನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಪದ. 0.7 ಎಂದರೆ ನೂರಕ್ಕೆ ಎಪ್ಪತ್ತು. ಕೊಟ್ಟ 503ರಲ್ಲಿ 352 ಕಿಲೋವ್ಯಾಟ್ ತಂಪಾಗಿ ಸಿಕ್ಕಿತು, ಉಳಿದ 151 ನಷ್ಟವಾಯಿತು. ಟವರ್ ಹೊರಹಾಕುವುದು ಆ ನಷ್ಟವನ್ನು. ಆಗ ಅದನ್ನು ‘ನಷ್ಟ ಶಾಖ’ ಎಂದರೆ ತೊಡಕೇ ಇರುವುದಿಲ್ಲ.

ಭದ್ರಾವತಿಯಿಂದ

ತೀರ್ಥಹಳ್ಳಿಯ ಮೇಷ್ಟ್ರು ‘ತಿರಸ್ಕೃತ’ದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ‘ದಕ್ಷತೆ’ ಎಂಬ ಪದ ಓದುಗನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಅವರ 151 ಕಿಲೋವ್ಯಾಟೇ ಸಾಕ್ಷಿ. ಟವರ್ ಹೊರಹಾಕಬೇಕಾದದ್ದು 151 ಅಲ್ಲ, 503 ಕೂಡ ಅಲ್ಲ. 855.

ಯಾಕೆಂದು ಹೇಳುತ್ತೇನೆ. ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಹಾಕದ ಭರಣಿಯಲ್ಲಿ ಉಪ್ಪು ನೀರೊಡೆಯುತ್ತದಲ್ಲ, ಗಾಳಿಯ ತೇವವನ್ನು ಉಪ್ಪು ಎಳೆದುಕೊಳ್ಳುತ್ತದೆ. ಈ ಯಂತ್ರದಲ್ಲಿ ಆ ಕೆಲಸ ಲಿಥಿಯಂ ಬ್ರೋಮೈಡ್ ಎಂಬ ಲವಣದ್ದು. ಗಾಳಿಯನ್ನೆಲ್ಲ ಹೊರತೆಗೆದ ಡಬ್ಬಿಯೊಳಗೆ ನೀರು 5 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೊಳವೆಯೊಳಗಿನ ನೀರಿನಿಂದ ಕಿತ್ತುಕೊಳ್ಳುತ್ತದೆ, ಆ ನೀರು 12 ಡಿಗ್ರಿಯಿಂದ 7ಕ್ಕೆ ಇಳಿಯುತ್ತದೆ. ಇದೇ ನಮಗೆ ಸಿಗುವ 352 ಕಿಲೋವ್ಯಾಟ್ ತಂಪು. ಎದ್ದ ಆವಿಯನ್ನು ಗಟ್ಟಿ ಲವಣದ್ರಾವಣ ಹೀರಿಕೊಳ್ಳುತ್ತದೆ, ಹೀರುವಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ಟವರ್ ನೀರು ಒಯ್ಯಬೇಕು. ಆವಿ ಕುಡಿದು ತೆಳ್ಳಗಾದ ದ್ರಾವಣವನ್ನು ಕಾರ್ಖಾನೆಯ ಬಿಸಿನೀರಿನಿಂದ ಕುದಿಸಿ ಮತ್ತೆ ಗಟ್ಟಿ ಮಾಡಬೇಕು, ಅಲ್ಲಿಗೆ 503 ಹೋಗುತ್ತದೆ. ಕುದಿದು ಹೊರಟ ಆವಿಯನ್ನು ನೀರಾಗಿಸುವುದೂ ಟವರ್ ನೀರೇ.

ಅಂದರೆ ಯಂತ್ರದೊಳಗೆ ಎರಡು ಬಾಗಿಲಿನಿಂದ ಶಾಖ ಬರುತ್ತದೆ, ಹೊರಹೋಗುವ ಬಾಗಿಲು ಟವರ್ ಒಂದೇ. 352ಕ್ಕೆ 503 ಕೂಡಿಸಿದರೆ 855. ಇಲ್ಲಿ ನಷ್ಟವಾದದ್ದು ಏನೂ ಇಲ್ಲ, ಬಂದದ್ದೆಲ್ಲ ಟವರ್‌ಗೆ ಹೋಯಿತು. 0.7 ಎಂಬುದು ‘ಕೊಟ್ಟದ್ದರಲ್ಲಿ ಉಳಿದ ಪಾಲು’ ಅಲ್ಲ, ಎರಡು ಬೇರೆ ಬೇರೆ ಶಾಖಗಳ ಅನುಪಾತ. ಕರೆಂಟಿನ ಚಿಲ್ಲರ್‌ಗೆ ಇದೇ ಸಂಖ್ಯೆ 5ರ ಆಸುಪಾಸು ಬರುತ್ತದೆ. ಆಗ ‘ದಕ್ಷತೆ ನೂರಕ್ಕೆ ಐನೂರು’ ಎಂದು ಬರೆಯಬೇಕಾಗುತ್ತದೆ, ಓದಿದ ಹುಡುಗ ಪುಸ್ತಕವೇ ತಪ್ಪೆನ್ನುತ್ತಾನೆ.

ಸಾಗರದಿಂದ

ಈ ಚರ್ಚೆ ನನಗೂ ಬೇಕಾದದ್ದೇ. ಅಡಿಕೆ ಬೇಯಿಸುವ ಒಲೆಯ ಹೊಗೆ ಸುಮ್ಮನೆ ಹೋಗುತ್ತದೆ. ಅದರಿಂದ ತರಕಾರಿ ಇಡಲು ಒಂದು ತಂಪುಕೋಣೆ ಮಾಡಬಹುದೇ ಎಂದು ನೋಡುತ್ತಿದ್ದೆ. ಆದರೆ ಜನರೇಟರ್‌ಗೇ 503 ಕಿಲೋವ್ಯಾಟ್ ಎಂದು ಓದಿ ಕೈಬಿಟ್ಟೆ. ಅಷ್ಟು ದೊಡ್ಡ ಡೀಸೆಲ್ ಜನರೇಟರ್ ಇಟ್ಟು ಒಲೆಯ ಶಾಖ ಉಳಿಸುವುದರಲ್ಲಿ ಅರ್ಥವೇನು?

ಭದ್ರಾವತಿಯಿಂದ

ಸಾಗರದವರು ಓದಿಕೊಂಡ ರೀತಿಯನ್ನು ಶಿವಮೊಗ್ಗದ ಮೇಡಂ ಗುರುತು ಹಾಕಿಕೊಳ್ಳಬೇಕು. ಇಲ್ಲಿ ಜನರೇಟರ್ ಎಂದರೆ ಕರೆಂಟಿನದಲ್ಲ, ದ್ರಾವಣದಿಂದ ಆವಿ ಎಬ್ಬಿಸುವ ಪಾತ್ರೆ. ನಮ್ಮ ಊರುಗಳಲ್ಲಿ ಜನರೇಟರ್ ಎಂದರೆ ಕರೆಂಟು ಹೋದಾಗ ಹಾಕುವುದು, ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ‘ಕುದಿಪಾತ್ರೆ’ ಎಂದು ಬರೆದು, ಯಂತ್ರದ ಫಲಕದಲ್ಲಿ ‘ಜನರೇಟರ್’ ಎಂದಿರುತ್ತದೆ ಎಂದು ಒಮ್ಮೆ ಹೇಳಿದರೆ ಆಯಿತು.

ಇನ್ನು ಅಡಿಕೆ ಒಲೆಯ ವಿಷಯ. ಈ ಯಂತ್ರಕ್ಕೆ 90 ಡಿಗ್ರಿ ಆಸುಪಾಸಿನ ಬಿಸಿನೀರು ಏರಿಳಿತವಿಲ್ಲದೆ ಬರುತ್ತಿರಬೇಕು. ಅಡಿಕೆ ಒಲೆ ಉರಿಯುವುದು ಕೊಯ್ಲಿನ ತಿಂಗಳುಗಳಲ್ಲಿ, ಅದೂ ಹಂಡೆ ಇಟ್ಟಷ್ಟು ಹೊತ್ತು. ತಂಪುಕೋಣೆ ಬೇಕಾಗುವುದು ಬೇಸಿಗೆಯಲ್ಲಿ. ಎರಡೂ ಕೂಡುವುದಿಲ್ಲ. ವರ್ಷವಿಡೀ ಹಗಲು ರಾತ್ರಿ ಬಾಯ್ಲರ್ ನಡೆಯುವ ಜಾಗದಲ್ಲಿ ಮಾತ್ರ ಇದು ಹೊಂದುತ್ತದೆ. ಜೊತೆಗೆ ಇಲ್ಲಿ ತಂಪು ಮಾಡುವುದು ನೀರೇ ಆದ್ದರಿಂದ ಸುಮಾರು 5 ಡಿಗ್ರಿಗಿಂತ ಕೆಳಗೆ ಹೋಗುವಂತಿಲ್ಲ. ಅದಕ್ಕಿಂತ ತಣ್ಣಗೆ ಬೇಕಾದರೆ ಅಮೋನಿಯಾ ಯಂತ್ರ, ಅದು ಬೇರೆಯೇ ಜಾತಿ.

ಶಿವಮೊಗ್ಗದಿಂದ

855 ಎಂಬುದು ಈಗ ಅರ್ಥವಾಯಿತು. ಕರಡಿನ ವಾಕ್ಯ ನಂಬಿ ಯಾರಾದರೂ 503 ಕಿಲೋವ್ಯಾಟ್‌ನ ಟವರ್ ತರಿಸಿದರೆ ಏನಾಗುತ್ತದೆ? ಯಂತ್ರ ನಿಂತುಬಿಡುತ್ತದೆಯೇ?

ಭದ್ರಾವತಿಯಿಂದ

ನಿಲ್ಲುವುದಿಲ್ಲ. ನಿಂತಿದ್ದರೆ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಟವರ್‌ನಿಂದ ಬರುವ ನೀರು 30–32 ಡಿಗ್ರಿಯಲ್ಲಿ ಇರಬೇಕಾದದ್ದು ಮೇಲೇರುತ್ತಾ ಹೋಗುತ್ತದೆ. ದ್ರಾವಣ ತಣಿಯದೆ ಆವಿ ಹೀರುವ ಬಲ ಕಳೆದುಕೊಳ್ಳುತ್ತದೆ, 5 ಡಿಗ್ರಿಯಲ್ಲಿ ಕುದಿಯುತ್ತಿದ್ದ ನೀರು 8, 10 ಡಿಗ್ರಿಯಲ್ಲಿ ಕುದಿಯತೊಡಗುತ್ತದೆ. ತಂಪುನೀರು 7ಕ್ಕೆ ಬರುವುದೇ ಇಲ್ಲ. ಆಪರೇಟರ್ ಬಿಸಿನೀರು ಸಾಲದೆಂದು ವಾಲ್ವ್ ಇನ್ನಷ್ಟು ತೆರೆಯುತ್ತಾನೆ, ಅದರಿಂದ ಟವರ್‌ಗೆ ಇನ್ನೂ ಹೆಚ್ಚು ಶಾಖ. ಕೊನೆಗೆ ಟವರ್ ಎಷ್ಟು ಹೊರಹಾಕಬಲ್ಲದೋ ಅಷ್ಟಕ್ಕೆ ಯಂತ್ರದ ಕೆಲಸ ಕುಗ್ಗುತ್ತದೆ. 100 ಟನ್ ಕೊಂಡವರಿಗೆ 60 ಸಿಗುವುದೂ ಕಷ್ಟ.

ಕಂಡುಹಿಡಿಯುವುದು ಹೀಗೆ. ಮೂರು ನೀರುಗಳ ಹರಿವನ್ನೂ ಒಳಹೊರಗಿನ ಉಷ್ಣತೆಯನ್ನೂ ಒಂದೇ ಹೊತ್ತಿಗೆ ಬರೆದುಕೊಳ್ಳಿ. ಒಂದು ಸೆಕೆಂಡಿಗೆ ಹರಿಯುವ ಲೀಟರನ್ನು ಉಷ್ಣತೆಯ ವ್ಯತ್ಯಾಸದಿಂದಲೂ 4.19ರಿಂದಲೂ ಗುಣಿಸಿದರೆ ಕಿಲೋವ್ಯಾಟ್ ಬರುತ್ತದೆ. ಬಿಸಿನೀರು ಸೆಕೆಂಡಿಗೆ 12 ಲೀಟರ್ ಹರಿದು 95ರಿಂದ 85ಕ್ಕೆ ಇಳಿದರೆ ಸುಮಾರು 503. ತಂಪುನೀರಿನದನ್ನೂ ಬಿಸಿನೀರಿನದನ್ನೂ ಕೂಡಿಸಿದ್ದು ಟವರ್ ನೀರಿನದಕ್ಕೆ ಹತ್ತಿರ ಹತ್ತಿರ ಸಮವಾಗಬೇಕು. ಆಗದಿದ್ದರೆ ಯಂತ್ರವನ್ನು ಬೈಯುವ ಮೊದಲು ಮೀಟರ್ ನೋಡಿ.

ಇನ್ನೊಂದು ಮಾತು ಕೈಪಿಡಿಯಲ್ಲಿ ಇರಲೇಬೇಕು. ಬಿಸಿನೀರು ಪುಕ್ಕಟೆ, ಆದ್ದರಿಂದ ಸಿಒಪಿ ಕಡಿಮೆ ಇದ್ದರೂ ಚಿಂತೆಯಿಲ್ಲ ಎನ್ನುತ್ತಾರೆ. ಅರ್ಧ ನಿಜ. ಶಾಖಕ್ಕೆ ದುಡ್ಡು ಕೊಡಬೇಕಿಲ್ಲ, ಆದರೆ ಆ ಶಾಖವನ್ನು ಹೊರಹಾಕಲು ನೀರು ಕೊಡಬೇಕು. 855 ಕಿಲೋವ್ಯಾಟ್ ಹೊರಹಾಕಲು ಟವರ್‌ನಲ್ಲಿ ಗಂಟೆಗೆ ಸುಮಾರು 1,250 ಲೀಟರ್ ಆವಿಯಾಗುತ್ತದೆ. ಉಪ್ಪಿನಂಶ ಏರದಂತೆ ಚೆಲ್ಲುವ ನೀರನ್ನೂ ಸೇರಿಸಿದರೆ 1,650ರ ಹತ್ತಿರ. ಹತ್ತು ಗಂಟೆ ನಡೆದರೆ 6,000 ಲೀಟರ್‌ನ ಟ್ಯಾಂಕರ್ ಮೂರು ಬೇಕು. ಅಷ್ಟೇ ತಂಪು ಕೊಡುವ ಕರೆಂಟಿನ ಚಿಲ್ಲರ್ ಹೊರಹಾಕುವುದು 422 ಕಿಲೋವ್ಯಾಟ್, ನೀರೂ ಅರ್ಧವೇ ಸಾಕು. ಮಳೆಗಾಲದಲ್ಲಿ ನೀರು ನುಗ್ಗಿ ಹರಿಯುವ ನಮ್ಮ ಕಡೆಯೂ ಏಪ್ರಿಲ್‌ನಲ್ಲಿ ಬೋರ್‌ವೆಲ್ ಏದುಸಿರು ಬಿಡುತ್ತದೆ.

ಹೊಸನಗರದಿಂದ

ಮಳೆಗಾಲದ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಮ್ಮಲ್ಲಿ ಜುಲೈನಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ. ಟವರ್‌ನಲ್ಲಿ ನೀರು ಆವಿಯಾಗುವುದಾದರೂ ಹೇಗೆ?

ಭದ್ರಾವತಿಯಿಂದ

ಒಳ್ಳೆಯ ಪ್ರಶ್ನೆ. ಬಟ್ಟೆ ಗಾಳಿಯಷ್ಟೇ ತಣ್ಣಗಿರುತ್ತದೆ, ಟವರ್‌ಗೆ ಬರುವ ನೀರು ಗಾಳಿಗಿಂತ ಬಿಸಿ. ಅದನ್ನು ತಾಗಿದ ಗಾಳಿ ಕಾದು, ಇನ್ನಷ್ಟು ತೇವ ಹೊತ್ತು ಹೋಗುತ್ತದೆ. ನೋಡಬೇಕಾದದ್ದು ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ, ತೇವ ನೂರಕ್ಕೆ 35 ಇದ್ದರೆ ಅದು ಸುಮಾರು 24. ಜಡಿಮಳೆಯ ದಿನ 24 ಡಿಗ್ರಿ, ತೇವ 95 ಇದ್ದರೆ 23ರ ಮೇಲೆ. ಟವರ್‌ಗೆ ಎರಡೂ ಹೆಚ್ಚುಕಡಿಮೆ ಒಂದೇ.

ಮಳೆಗಾಲದ ನಿಜವಾದ ಕಾಟ ಕರೆಂಟು ಹೋಗುವುದು. ಮೇಡಂ ಕೇಳಿದ ‘ಹೆಪ್ಪುಗಟ್ಟುವಿಕೆ’ಯ ಪ್ರಶ್ನೆ ಇಲ್ಲಿಗೇ ಬರುತ್ತದೆ. ಡಬ್ಬಿಯಲ್ಲಿಟ್ಟ ಜೋನಿ ಬೆಲ್ಲ ಚಳಿಗಾಲದಲ್ಲಿ ತಳದಲ್ಲಿ ಹರಳಾಗುವುದನ್ನು ಮಲೆನಾಡಿನವರೆಲ್ಲ ನೋಡಿದ್ದೇವೆ. ಪಾಕ ಹೆಚ್ಚು ಗಟ್ಟಿ ಇದ್ದಷ್ಟೂ ಬೇಗ, ಹೆಚ್ಚು ತಣ್ಣಗಾದಷ್ಟೂ ಬೇಗ. ಲವಣದ್ರಾವಣವೂ ಹಾಗೆಯೇ. ಯಂತ್ರ ನಿಲ್ಲಿಸುವಾಗ ಪಂಪು ಸ್ವಲ್ಪ ಹೊತ್ತು ಓಡಿ ದ್ರಾವಣವನ್ನು ತೆಳ್ಳಗೆ ಮಾಡಬೇಕು. ನಡುವೆ ಕರೆಂಟು ಹೋದರೆ ಗಟ್ಟಿ ದ್ರಾವಣ ಶಾಖ ವಿನಿಮಯದ ಕಿರಿದಾದ ದಾರಿಯಲ್ಲಿ ನಿಂತಲ್ಲೇ ತಣಿದು ಹರಳಾಗಿ ಕೂತುಬಿಡುತ್ತದೆ. ಆ ಪಂಪಿಗಾದರೂ ಬದಲಿ ಕರೆಂಟು ಇರಬೇಕು. ಟವರ್ ನೀರು ತೀರಾ ತಣ್ಣಗಾದರೂ ಇದೇ ತೊಂದರೆ. ಮಳೆಯ ರಾತ್ರಿ ಫ್ಯಾನ್ ನಿಲ್ಲಿಸುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಬೇಕು.

ಆದ್ದರಿಂದ ಅದು ‘ಹರಳುಗಟ್ಟುವಿಕೆ’. ‘ಹೆಪ್ಪುಗಟ್ಟಿದೆ’ ಎಂದು ಬರೆದರೆ ಆಪರೇಟರ್ ತಂಪುನೀರಿನ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿದೆ ಎಂದುಕೊಳ್ಳುತ್ತಾನೆ. ಅದೂ ಆಗಬಹುದಾದ ದೋಷವೇ, ಆದರೆ ಬೇರೆ ಜಾಗ, ಬೇರೆ ಕಾರಣ. ಅದಕ್ಕೆ ತಂಪುನೀರಿನ ಹರಿವು ನೋಡಬೇಕು. ಹರಳಿಗಾದರೆ ದ್ರಾವಣವನ್ನು ತೆಳ್ಳಗೆ ಮಾಡಿ, ಕಟ್ಟಿದ ಜಾಗವನ್ನು ಬೆಚ್ಚಗೆ ಮಾಡಿ ಕರಗಿಸಬೇಕು.

ತೀರ್ಥಹಳ್ಳಿಯಿಂದ

151ರ ಲೆಕ್ಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ‘ನಷ್ಟ ಶಾಖ’ವೂ ಬೇಡ. ಆದರೆ ‘ತ್ಯಾಜ್ಯ’ವನ್ನು ಪೂರ್ತಿ ಬಿಡಬೇಡಿ. ಕಾರ್ಖಾನೆ ತ್ಯಜಿಸಿದ್ದು ಎಂಬ ಅರ್ಥ ಬಿಸಿನೀರಿನ ಶಾಖಕ್ಕೆ ಸರಿಯಾಗಿ ಕೂರುತ್ತದೆ. ಟವರ್‌ಗೆ ಹೋಗುವುದನ್ನು ‘ಹೊರಹಾಕುವ ಶಾಖ’ ಎನ್ನಿ, ‘ವಿಸರ್ಜಿತ’ ಎಂಬ ಭಾರದ ಪದ ಬೇಡ. ಸಿಒಪಿಗೆ ‘ತಂಪುಗುಣಾಂಕ’ ಎಂದರೆ ಹೇಗೆ?

ಭದ್ರಾವತಿಯಿಂದ

ಕೇಳಲು ಚೆನ್ನಾಗಿದೆ. ಆದರೆ ನೀರು ಕಾಯಿಸುವ ಹೀಟ್ ಪಂಪಿಗೂ ಸಿಒಪಿ ಇದೆ, ಅಲ್ಲಿ ತಂಪಿನ ಲೆಕ್ಕವಿಲ್ಲ. ‘ಕಾರ್ಯಗುಣಾಂಕ’ ಎಂದರೆ ಎರಡಕ್ಕೂ ಸಲ್ಲುತ್ತದೆ, ಆದರೆ ಏನನ್ನೂ ಕಣ್ಣಿಗೆ ತೋರಿಸುವುದಿಲ್ಲ. ನಾನಾದರೆ ‘ಸಿಒಪಿ’ ಎಂದೇ ಬಿಡುತ್ತೇನೆ.

ಶಿವಮೊಗ್ಗದಿಂದ

ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “100 ಟನ್ ಯಂತ್ರ 352 ಕಿಲೋವ್ಯಾಟ್ ತಂಪು ಕೊಡುತ್ತದೆ. ಸಿಒಪಿ 0.7 ಆದ್ದರಿಂದ ಕುದಿಪಾತ್ರೆಗೆ 503 ಕಿಲೋವ್ಯಾಟ್ ತ್ಯಾಜ್ಯ ಶಾಖ ಬೇಕು. ಟವರ್ ಹೊರಹಾಕುವ ಶಾಖ ಇವೆರಡರ ಮೊತ್ತ, 855 ಕಿಲೋವ್ಯಾಟ್.” ಸಿಒಪಿಗೆ ಕನ್ನಡ ಪದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ‘ತಂಪುಗುಣಾಂಕ’ ಮತ್ತು ‘ಕಾರ್ಯಗುಣಾಂಕ’ದಲ್ಲಿ ನಿಮ್ಮ ಒಲವು ಯಾವುದಕ್ಕೆಂದು ಉಳಿದವರೂ ಬರೆಯಿರಿ.