ಅಪ್‌ಡೇಟ್: ಟೊಮೆಟೊ ದರದ ಹೊಸ ಪುಟಗಳು ಈಗ ಗೂಗಲ್‌ಗೆ ಸಿಗುತ್ತಿವೆ

ನನ್ನ ಪ್ರಶ್ನೆ: "ಕೋಲಾರ ಮಾರುಕಟ್ಟೆಯ ಟೊಮೆಟೊ ದರಕ್ಕೆ ದಿನಕ್ಕೊಂದು ಹೊಸ ಪುಟ ಹಾಕುತ್ತೇನೆ. ಮುಖಪುಟಕ್ಕೆ ದಿನವೂ ಬರುವ ಗೂಗಲ್ ಕ್ರಾಲರ್ ಈ ಪುಟಗಳನ್ನು ಏಕೆ ನೋಡುತ್ತಿಲ್ಲ?"

ಸಮಸ್ಯೆ ಬಗೆಹರಿದಿದೆ, ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಫಲ ಕೊಟ್ಟದ್ದು, ಮುಖಪುಟದಿಂದಲೇ ಹೊಸ ದರಪಟ್ಟಿಗೆ ನೇರ ಲಿಂಕ್ ಕೊಡಿ ಎಂಬ ಸಲಹೆ. ಅದುವರೆಗೆ ಆ ಪುಟಗಳು ದಿನಾಂಕ ಆರಿಸಿ ಬಟನ್ ಒತ್ತಿದರೆ ಮಾತ್ರ ತೆರೆಯುತ್ತಿದ್ದವು. ಕ್ರಾಲರ್ ಸಾಮಾನ್ಯವಾಗಿ ಹಾಗೆ ಬಟನ್ ಒತ್ತುವುದಿಲ್ಲ. ಓದಿದ ಪುಟದಲ್ಲಿ `<a href>` ರೂಪದಲ್ಲಿರುವ ವಿಳಾಸಗಳನ್ನು ಎತ್ತಿಕೊಂಡು ತನ್ನ ಸರದಿಗೆ ಸೇರಿಸಿಕೊಳ್ಳುತ್ತದೆ. ಲಿಂಕ್ ಹಾಕಿದ ಮೇಲೆ ಸರ್ವರ್ ಲಾಗ್‌ನಲ್ಲಿ, ಗೂಗಲ್ ಕ್ರಾಲರ್ ಆದ Googlebot ಮುಖಪುಟವನ್ನು ಕೇಳಿದ ಸಾಲಿನ ನಂತರ ಅಂದಿನ ದರದ ಪುಟವನ್ನು ಕೇಳಿದ ಸಾಲೂ ಕಾಣಿಸತೊಡಗಿತು.

ಸೈಟಿನ ಪುಟಗಳ ವಿಳಾಸಪಟ್ಟಿಯಾದ ಸೈಟ್‌ಮ್ಯಾಪ್‌ನಲ್ಲಿ, ಪುಟ ಎಷ್ಟು ಬಾರಿ ಬದಲಾಗುತ್ತದೆ ಎಂದು ಹೇಳುವ `changefreq` ಅನ್ನು `daily` ಮಾಡಿ ಎಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಗೂಗಲ್ ಅದನ್ನು ಪರಿಗಣಿಸುವುದೇ ಇಲ್ಲ. ನನಗೆ ಅಚ್ಚರಿ ತಂದದ್ದು, ಪುಟ ಕೊನೆಯದಾಗಿ ಬದಲಾದ ದಿನಾಂಕವನ್ನು ಹೇಳುವ `lastmod` ವಿಷಯ. ಅದರ ದಿನಾಂಕ ಪುಟದ ನಿಜವಾದ ಬದಲಾವಣೆಗೆ ಸತತವಾಗಿ ಹೊಂದಿದರೆ ಮಾತ್ರ ಗೂಗಲ್ ಅದನ್ನು ನಂಬುತ್ತದೆ. ನಮ್ಮ ಸೈಟ್‌ಮ್ಯಾಪ್ ತಯಾರಿಸುವ ಪ್ಲಗಿನ್ ಹಳೆಯ ಪುಟಗಳಿಗೂ ದಿನವೂ ಅಂದಿನ ದಿನಾಂಕವನ್ನೇ ಹಾಕುತ್ತಿತ್ತು. ಅದನ್ನು ಸರಿಪಡಿಸಿದ್ದೇನೆ. ಕಳೆದ ತಿಂಗಳ ದರದ ಪುಟಗಳಿಗೆ ಕ್ರಾಲರ್ ಅಪರೂಪಕ್ಕೆ ಬರುವುದು ಸಹಜ, ಏಕೆಂದರೆ ಹಿಂದಿನ ಭೇಟಿಗಳಲ್ಲಿ ಬದಲಾಗದ ಪುಟಕ್ಕೆ ಅದು ಮರುಭೇಟಿಯ ಅಂತರವನ್ನು ಹೆಚ್ಚಿಸುತ್ತಾ ಹೋಗುತ್ತದೆ.