ಅಪ್ಪನ ವಾಲ್ವ್ ಕಿರಿದಾಗಿದೆ, ಆದರೆ ತೊಂದರೆಯೇ ಇಲ್ಲ ಅಂತಾರೆ

ಶ್ರೀನಿವಾಸಪುರದ ಮಗಳು: ಅಪ್ಪನಿಗೆ 72. ಮಾವಿನ ತೋಟ ನೋಡಿಕೊಳ್ಳುತ್ತಾರೆ. ಎಕೋದಲ್ಲಿ ಹೃದಯದ ಅಯೋರ್ಟಿಕ್ ವಾಲ್ವ್ ತುಂಬಾ ಕಿರಿದಾಗಿದೆ ಅಂತ ಬಂದಿದೆ. ವಾಲ್ವ್ ದಾಟುವ ರಕ್ತದ ವೇಗ ಸೆಕೆಂಡಿಗೆ 4.2 ಮೀಟರ್, ಎರಡು ವರ್ಷದ ಹಿಂದೆ 3.5 ಇತ್ತು. ಹೃದಯದ ಪಂಪ್ ಮಾಡುವ ಶಕ್ತಿ, ಅಂದರೆ ಇ.ಎಫ್., ಶೇಕಡಾ 60. ಅವರಿಗೆ ಏನೂ ತೊಂದರೆ ಇಲ್ಲವಂತೆ. ಕಾಯಬಹುದಾ? ಎದೆ ಕೊಯ್ಯದೆ ಟಾವಿ ಮಾಡಿಸಬಹುದಾ?

ಚಿಂತಾಮಣಿ ಸೊಸೆ: ಟಾವಿನೇ ಮಾಡಿಸಿ. ನಮ್ಮ ಅತ್ತೆಗೆ 81. ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸಿದ್ರು, ಬೇಗ ಮನೆಗೆ ಬಂದ್ರು. ಯಾವ ವಯಸ್ಸಾದ್ರೂ ಅದೇ ಒಳ್ಳೆಯದು.

ತುಮಕೂರು ಮೇಷ್ಟ್ರು: ನನಗೂ ಇದೇ ಆಗಿತ್ತು. ಸ್ಟೆಂಟ್ ಹಾಕಿದ್ರು, ಮಾತ್ರೆ ನುಂಗ್ತಾ ಆರಾಮಾಗಿದೀನಿ.

ಕೋಲಾರ, ಎಕೋ ಕೆಲಸದಲ್ಲಿದ್ದವನು: ಮೇಷ್ಟ್ರೇ, ನಿಮ್ಮದು ಹೃದಯಕ್ಕೆ ರಕ್ತ ಕೊಡುವ ನಾಳದ ಬ್ಲಾಕ್. ಇದು ಹೃದಯದಿಂದ ರಕ್ತ ಹೊರಹೋಗುವ ಬಾಗಿಲು. ಅದನ್ನು ಅಗಲ ಮಾಡುವ ಮಾತ್ರೆ ಇನ್ನೂ ಇಲ್ಲ.

ತಂಗಿ, ವೇಗ 4 ದಾಟಿದರೆ ತೀವ್ರ ಅಂತ ಲೆಕ್ಕ. ಸಾಮಾನ್ಯವಾಗಿ ವರ್ಷಕ್ಕೆ 0.3ರಷ್ಟು ಏರುತ್ತದೆ, ಅಪ್ಪನದು ಸ್ವಲ್ಪ ಜಾಸ್ತಿ. ಆದರೆ ‘ತೊಂದರೆ ಇದೆಯಾ’ ಅಂತ ಕೇಳಬೇಡಿ. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದಾರೆ ಅಂತ ನೋಡಿ. ಇಂಥವರು ಗೊತ್ತಾಗದಂತೆ ನಡಿಗೆ ಕಡಿಮೆ ಮಾಡಿಕೊಂಡಿರುತ್ತಾರೆ, ಆಮೇಲೆ ಏದುಸಿರು ಬರುವುದೇ ಇಲ್ಲ. ನಿಜವಾಗಿಯೂ ಏನೂ ಇಲ್ಲದಿದ್ದರೆ ಡಾಕ್ಟರ್ ಎದುರಲ್ಲೇ ಟ್ರೆಡ್‌ಮಿಲ್ ಮಾಡಿಸುತ್ತಾರೆ. ನಡೆಯುವಾಗ ಬಿ.ಪಿ. ಏರದೆ ಇಳಿದರೆ ಅದೇ ಸುಳಿವು.

ಟಾವಿ ಆಗುತ್ತಾ ಅನ್ನೋದನ್ನು ಸಿ.ಟಿ. ಹೇಳುತ್ತದೆ. ವಾಲ್ವಿನ ಅಳತೆ, ಸುಣ್ಣ ಎಷ್ಟು ಕೂತಿದೆ, ತೊಡೆಯ ನಾಳ ಸಾಕಷ್ಟು ಅಗಲ ಇದೆಯಾ, ಎಲ್ಲಾ ಅದರಲ್ಲೇ ಕಾಣುತ್ತೆ. 80 ದಾಟಿದವರಿಗೆ ಹೆಚ್ಚಾಗಿ ಟಾವಿ, 65ರೊಳಗಿನವರಿಗೆ ಹೆಚ್ಚಾಗಿ ಆಪರೇಷನ್. ಅಪ್ಪ ನಡುವಿನವರು. ಜೊತೆಗೆ ದೊಡ್ಡ ಬ್ಲಾಕ್‌ಗಳಿದ್ದರೆ ಒಂದೇ ಸಲ ಬೈಪಾಸ್, ವಾಲ್ವ್ ಎರಡೂ ಮಾಡುವುದು ಲೇಸು ಅನ್ನಬಹುದು. ಟಾವಿ ಆದಮೇಲೆ ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತೆ, ಮಿಡಿತದ ಸಂಕೇತ ಸಾಗುವ ದಾರಿ ವಾಲ್ವಿನ ಪಕ್ಕದಲ್ಲೇ ಹೋಗುತ್ತದಲ್ವಾ, ಹೊಸ ವಾಲ್ವ್ ಅದನ್ನು ಒತ್ತಬಹುದು.

ಚಿಂತಾಮಣಿ ಸೊಸೆ: ಅತ್ತೆಗೆ ಪೇಸ್‌ಮೇಕರ್ ಹಾಕಿದ್ದು ಅದಕ್ಕೇನಾ! ನಮಗೆ ಬಿಲ್ ನೋಡಿದಾಗಲೇ ಗೊತ್ತಾಗಿದ್ದು.

ಶ್ರೀನಿವಾಸಪುರದ ಮಗಳು: ಅಮ್ಮನ್ನ ಕೇಳಿದೆ. ತೋಟಕ್ಕೆ ನಡೆದು ಹೋಗೋದು ಬಿಟ್ಟು ತಿಂಗಳುಗಳೇ ಆಗಿವೆ. ಮೊನ್ನೆ ದಿಣ್ಣೆ ಹತ್ತುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟರಂತೆ. ಕೊಯ್ಲು ಮುಗಿಯಲಿ ಅಂತಾರೆ.

ಕೋಲಾರ, ಎಕೋ ಕೆಲಸದಲ್ಲಿದ್ದವನು: ಹಾಗಾದರೆ ಟ್ರೆಡ್‌ಮಿಲ್ ಬೇಡ, ಅದು ಅಪಾಯ. ಲಕ್ಷಣ ಶುರುವಾದ ಮೇಲೆ ವಾಲ್ವ್ ಬದಲಿಸದೆ ಬಿಟ್ಟರೆ ಎರಡು ಮೂರು ವರ್ಷದಲ್ಲಿ ಹೋಗಿಬಿಡುವವರೇ ಜಾಸ್ತಿ. ಈ ವಾರವೇ ಹೃದಯದ ಡಾಕ್ಟರಿಗೆ ತೋರಿಸಿ. ಕಣ್ಣು ಕತ್ತಲೆ ಬಂದದ್ದನ್ನು ಅಪ್ಪ ಹೇಳಲ್ಲ, ಅಮ್ಮನನ್ನೂ ಕರೆದುಕೊಂಡು ಹೋಗಿ. ಟಾವಿಯೋ ಆಪರೇಷನ್ನೋ ಅನ್ನೋದು ಸಿ.ಟಿ. ಆದಮೇಲಿನ ಮಾತು. ಕೊಯ್ಲಿಗೆ ಬೇರೆ ಯಾರನ್ನಾದರೂ ನೋಡಿ.

ತುಮಕೂರು ಮೇಷ್ಟ್ರು: ನನ್ನ ಎಕೋ ರಿಪೋರ್ಟಲ್ಲೂ ವಾಲ್ವ್ ಸ್ವಲ್ಪ ದಪ್ಪ ಅಂತ ಬರೆದಿದೆಯಲ್ಲ, ಅದೇನು?