ಓದುಗರ ಸ್ಪಂದನ: ಹುಟ್ಟಿದ ಮನೆಗೆ ವಿದಾಯ ಪತ್ರ ಬರೆಯುವುದು ಹೇಗೆ?

ಕಳೆದ ಸಲ ಓದುಗರೊಬ್ಬರು ಹೀಗೆ ಕೇಳಿದ್ದರು: “ಮುಂದಿನ ತಿಂಗಳು ಕೆಲಸಕ್ಕೆಂದು ನಗರಕ್ಕೆ ಹೋಗುತ್ತಿದ್ದೇನೆ. ಹುಟ್ಟಿ ಬೆಳೆದ ಮನೆಗೆ ಒಂದು ಪತ್ರ ಬರೆದು, ಹೊರಡುವ ಹಿಂದಿನ ಸಂಜೆ ಅಪ್ಪ ಅಮ್ಮನ ಎದುರು ಓದಬೇಕು ಅನ್ನುವ ಆಸೆ. ಎಷ್ಟು ಬರೆದರೂ ಶಾಲೆಯ ಪ್ರಬಂಧದ ಹಾಗೇ ಆಗುತ್ತದೆ. ‘ನಿನ್ನ ಮಡಿಲಲ್ಲಿ ಆಡಿ ಬೆಳೆದೆ. ನಿನ್ನ ನೆರಳಲ್ಲಿ ಕನಸು ಕಂಡೆ. ನಿನ್ನನ್ನು ಎಂದಿಗೂ ಮರೆಯಲಾರೆ.’ ಇದರಿಂದ ಮುಂದೆ ಹೋಗುತ್ತಿಲ್ಲ. ಆ ಮನೆಯಲ್ಲಿ ಕಹಿ ದಿನಗಳೂ ಇದ್ದವು. ಅವನ್ನು ಬರೆಯಬೇಕೋ ಬೇಡವೋ, ಅದೂ ತಿಳಿಯುತ್ತಿಲ್ಲ.” ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಭಾಷಾ ಶಿಕ್ಷಕಿಯೊಬ್ಬರು

ನಿಮ್ಮ ಮೂರು ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪಕ್ಕದ ಮನೆಯ ಹುಡುಗಿ ಇದೇ ಸಾಲುಗಳನ್ನು ತನ್ನ ಮನೆಗೆ ಬರೆದರೆ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ, ಅಲ್ವಾ? ತೊಂದರೆ ಇರುವುದು ಅಲ್ಲೇ. ಬರೆದ ಪ್ರತಿ ಸಾಲಿಗೂ ಇದೊಂದು ಪ್ರಶ್ನೆ ಕೇಳಿ: ಇದು ಬೇರೆ ಮನೆಗೂ ಹೊಂದುತ್ತದಾ? ಹೊಂದಿದರೆ ತೆಗೆದುಬಿಡಿ.

ಪತ್ರದಿಂದ ಶುರು ಮಾಡಬೇಡಿ. ಮೊದಲು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬಿಡಿಸಿ. ಚೆಂದ ಇರಬೇಕಾಗಿಲ್ಲ. ಬಾಗಿಲು, ಕಿಟಕಿ, ಮೆಟ್ಟಿಲು, ಅಟ್ಟ, ಹಿತ್ತಲು ಇಷ್ಟು ಇದ್ದರೆ ಸಾಕು. ಆಮೇಲೆ ಬೆರಳಿಟ್ಟು ಮುಂಬಾಗಿಲಿನಿಂದ ಒಳಗೆ ಬನ್ನಿ. ಒಂದೊಂದು ಕಡೆ ನಿಂತು, ಅಲ್ಲಿ ನಿಮ್ಮ ಕೈ ಏನು ಮಾಡುತ್ತದೆ, ಕಿವಿಗೆ ಏನು ಕೇಳುತ್ತದೆ ಅಂತ ಒಂದೆರಡು ಮಾತು ಗುರುತು ಹಾಕಿಕೊಳ್ಳಿ. ಪ್ರಾಚೀನ ಗ್ರೀಸ್ ಮತ್ತು ರೋಮ್‌ನ ಭಾಷಣಕಾರರು ಉದ್ದದ ಭಾಷಣ ನೆನಪಿಡಲು ಹೀಗೇ ಒಂದು ಮನೆಯನ್ನು ಮನಸ್ಸಿನಲ್ಲಿ ಸುತ್ತುತ್ತಿದ್ದರು. ಒಂದೊಂದು ಜಾಗದಲ್ಲಿ ಒಂದೊಂದು ವಿಷಯ ಇಟ್ಟು, ಮಾತಾಡುವಾಗ ಅದೇ ದಾರಿಯಲ್ಲಿ ನಡೆದು ಎತ್ತಿಕೊಳ್ಳುತ್ತಿದ್ದರು. ಅವರು ಬೇಕೆಂದೇ ಇಟ್ಟದ್ದು ನಿಮ್ಮ ಮನೆಯಲ್ಲಿ ತಾನಾಗೇ ಕೂತಿದೆ. ಜಾಗ ಹಿಡಿದರೆ ನೆನಪು ಬರುತ್ತದೆ. “ಬಾಲ್ಯ” ಅಂತ ಹಿಡಿದರೆ ಏನೂ ಬರುವುದಿಲ್ಲ.

ಈಗ ನಿಮ್ಮ ಮೊದಲ ಸಾಲು ನೋಡೋಣ. “ಆಡಿ ಬೆಳೆದೆ.” ಎಲ್ಲಿ ಆಡಿದಿರಿ? ನಿಮ್ಮ ಮನೆ ನಾನು ಕಂಡಿಲ್ಲ, ಹಾಗಾಗಿ ಒಂದು ಉದಾಹರಣೆ ಕಟ್ಟುತ್ತೇನೆ: “ಅಟ್ಟದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತು ಆಡುತ್ತಿದ್ದೆ. ಈಗ ಅಲ್ಲಿ ಕೂತರೆ ತಲೆ ಮೇಲಿನ ಹಲಗೆಗೆ ತಾಗುತ್ತದೆ.” ನೋಡಿ, ಬೆಳೆದೆ ಅನ್ನುವ ಮಾತೇ ಬೇಕಾಗಲಿಲ್ಲ.

ಎರಡನೆಯದು, “ಕನಸು ಕಂಡೆ.” ಯಾವ ಕಿಟಕಿಯ ಹತ್ತಿರ? ಏನು ಕನಸು? “ಹಿಂದಿನ ಕೋಣೆಯ ಕಿಟಕಿಯ ಒಂದು ಸರಳು ಬಾಗಿದೆ. ಆ ಸಂದಿಯಿಂದ ರಸ್ತೆ ಕಾಣುತ್ತದೆ. ಓದುತ್ತಾ ಕೂತಾಗ ಬಸ್ಸಿನ ಸದ್ದು ಬಂದರೆ ತಲೆ ಎತ್ತುತ್ತಿದ್ದೆ. ನಾಳೆ ಬೆಳಿಗ್ಗೆ ಅದೇ ಬಸ್ಸು ಹತ್ತುತ್ತೇನೆ.” ಇಷ್ಟು ಬರೆದರೆ ಹೋಗುವ ಆಸೆ, ಹೋಗುವ ಸಂಕಟ ಎರಡೂ ಬಂದುಬಿಡುತ್ತವೆ. ನಗರಕ್ಕೆ ಹೋಗುವ ಆಸೆಯನ್ನು ಮುಚ್ಚಿಡಬೇಡಿ. ಬರೀ ದುಃಖ ಬರೆದರೆ ಕೇಳುವವರು ನಂಬುವುದಿಲ್ಲ. ಯಾರೂ ನಿಮ್ಮನ್ನು ದಬ್ಬುತ್ತಿಲ್ಲ ಅಂತ ಅವರಿಗೆ ಗೊತ್ತು.

ಮೂರನೆಯ ಸಾಲು, “ಎಂದಿಗೂ ಮರೆಯಲಾರೆ.” ಅದನ್ನು ಬಿಡಿ. ಬಾಗಿದ ಸರಳನ್ನು ಹೇಳಿದವರು ಮರೆತಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. “ನೀನು” ಅಂತ ಶುರು ಮಾಡಿದ ಮೇಲೆ ಕೊನೆಯವರೆಗೂ ಮನೆಯ ಜೊತೆಯೇ ಮಾತಾಡಿ. ನಾಲ್ಕನೇ ಸಾಲಿಗೆ “ಈ ಮನೆಯನ್ನು ಅಜ್ಜ ಕಟ್ಟಿಸಿದರು” ಅಂತ ಬಂತೋ, ನೀವು ಮನೆಗೆ ಬೆನ್ನು ಹಾಕಿ ಅತಿಥಿಗಳಿಗೆ ಪರಿಚಯ ಮಾಡಿಕೊಡುತ್ತಿದ್ದೀರಿ ಅಂತ ಅರ್ಥ. ತನ್ನನ್ನು ಕಟ್ಟಿದ್ದು ಯಾರು ಅನ್ನುವುದು ಮನೆಗೆ ಗೊತ್ತು. ಹಾಗೇ ಗೋಡೆಗಳು ಅಳುತ್ತಿವೆ ಅಂತ ಬರೆಯಲೂ ಹೋಗಬೇಡಿ. ಅಳುವುದು ನೀವು. ನೀವೇ ಅಳಿ.

ಊರು ಬಿಟ್ಟು ಬಹಳ ಕಾಲವಾದ ಓದುಗರೊಬ್ಬರು

ನಿಮಗೆ ಇನ್ನೂ ಒಂದು ತಿಂಗಳಿದೆ. ಸಾಮಾನು ಕಟ್ಟುವ ಮೊದಲೇ ಬರೆಯಿರಿ. ಕಪಾಟು ಖಾಲಿಯಾದ ಮೇಲೆ ಕೋಣೆ ಬೇರೆಯೇ ಆಗಿ ಕಾಣುತ್ತದೆ. ಯಾವುದು ಎಲ್ಲಿತ್ತು ಅನ್ನುವುದೂ ಕಲಸಿಹೋಗುತ್ತದೆ.

ಮನೆಗೆ ಒಂದು ವಾಸನೆ ಇರುತ್ತದೆ. ಒಳಗಿರುವವರಿಗೆ ಅದು ಗೊತ್ತಾಗುವುದಿಲ್ಲ. ಸದಾ ಇರುವ ವಾಸನೆಯನ್ನು ನಮ್ಮ ಮೂಗು ಸ್ವಲ್ಪ ಹೊತ್ತಿಗೇ ಗಮನಿಸುವುದು ಬಿಟ್ಟುಬಿಡುತ್ತದೆ. ನನಗಂತೂ ನಮ್ಮ ಮನೆಯ ವಾಸನೆ ಮೊದಲ ಸಲ ತಿಳಿದದ್ದು ನಗರದಿಂದ ರಜೆಗೆ ಬಂದಾಗ. ನೀವು ಅಷ್ಟು ಕಾಯಬೇಕಾಗಿಲ್ಲ. ಎರಡು ಮೂರು ದಿನ ನೆಂಟರ ಮನೆಯಲ್ಲಿದ್ದು ವಾಪಸ್ ಬನ್ನಿ. ಬಾಗಿಲು ತೆರೆದ ಕೂಡಲೇ, ಚೀಲ ಇಳಿಸುವ ಮೊದಲು, ಮೂಗಿಗೆ ಬಂದದ್ದನ್ನು ಬರೆದುಕೊಳ್ಳಿ. ಸುಣ್ಣವೋ, ಹಳೇ ಪುಸ್ತಕವೋ, ಹೊಗೆಯೋ. ಕೆಲವೇ ನಿಮಿಷದಲ್ಲಿ ಅದು ಮತ್ತೆ ಮಾಯವಾಗುತ್ತದೆ.

ಒಂದು ರಾತ್ರಿ ದೀಪ ಹಾಕದೆ ಕೋಣೆಯಿಂದ ಹಿತ್ತಲ ಬಾಗಿಲವರೆಗೆ ನಡೆದು ನೋಡಿ. ಎಲ್ಲಿ ತಲೆ ತಗ್ಗಿಸುತ್ತೀರಿ, ಎಲ್ಲಿ ಕಾಲು ತಾನಾಗೇ ಒಂದು ಹೆಜ್ಜೆ ದೊಡ್ಡದಾಗಿ ಇಡುತ್ತದೆ, ಎಲ್ಲಿ ಕೈ ಗೋಡೆ ಹುಡುಕುತ್ತದೆ, ಗಮನಿಸಿ. ಯೋಚಿಸಿ ಕೂತರೆ ಇವು ಸಿಗುವುದಿಲ್ಲ, ಮೈಗೆ ಮಾತ್ರ ಗೊತ್ತು.

ಮನೆಯಲ್ಲೇ ಉಳಿದ ಒಬ್ಬ ತಾಯಿ

ಮಗಳೇ, ನನ್ನ ಮಗನೂ ಹೊರಡುವಾಗ ಇಂಥದೇ ಪತ್ರ ಓದಿದ. ಕೇಳುವ ಕಡೆ ಕೂತವಳಾಗಿ ಹೇಳುತ್ತೇನೆ.

ಅವನ ಪತ್ರದಲ್ಲಿ ಎಲ್ಲವೂ “ಇತ್ತು”, “ಆಗುತ್ತಿತ್ತು”, “ಕೇಳುತ್ತಿತ್ತು”. ಮನೆ ಮುಗಿದುಹೋಯಿತೇನೋ ಅನ್ನುವ ಹಾಗಿತ್ತು. ನಾವು ಅಲ್ಲೇ ಕೂತಿದ್ದೆವು! ಮಾರನೇ ದಿನ ಅದೇ ಬಾಗಿಲು ತೆಗೆದು ಅದೇ ಅಂಗಳ ಗುಡಿಸುವವರು ನಾವು. ನಿನ್ನ ಆಟ ಮುಗಿದಿದೆ, ಅದಕ್ಕೆ “ಆಡುತ್ತಿದ್ದೆ” ಅಂತ ಹೇಳು. ಬಾಗಿಲಿನ ಸದ್ದು ಮುಗಿದಿಲ್ಲ. ಅದಕ್ಕೆ “ಕಿರುಗುಡುತ್ತೀಯ” ಅಂತಲೇ ಬರೆ. ಇಷ್ಟು ಮಾಡಿದರೆ ನಮ್ಮಂಥವರ ಎದೆಗೆ ಅರ್ಧ ನೋವು ಕಡಿಮೆ.

“ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸು” ಅಂತ ಗೋಡೆಯ ಹತ್ತಿರ ಕೇಳಬೇಡ. ಕೇಳುವುದಿದ್ದರೆ ನಮ್ಮ ಹತ್ತಿರ ಬೇರೆಯಾಗಿ ಕೇಳು. ನಾವು ಏನೂ ಬೇಡ ಅನ್ನುತ್ತೇವೆ.

ಅವನ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ ಜಾಗ. ಹಿತ್ತಲ ಬಾಗಿಲು ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ. ಮರ ತೇವ ಕುಡಿದು ಉಬ್ಬುತ್ತದಲ್ಲ, ಅದೂ ಉದ್ದಕ್ಕೆ ಅಲ್ಲ, ಅಗಲಕ್ಕೆ. ಹಾಗಾಗಿ ಚೌಕಟ್ಟಿನ ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಅದನ್ನು ತೆಗೆಯುವ ಕೆಲಸ ಅವನದೇ ಆಗಿತ್ತು. ಅವನು ಬರೆದಿದ್ದ: “ಮಳೆ ಬಂದಾಗ ಅಮ್ಮ ನಿನ್ನನ್ನು ಎಳೆಯುತ್ತಾಳೆ. ಬರುವುದಿಲ್ಲ ಅಂತ ಹಟ ಮಾಡಬೇಡ. ಹಿಡಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಆಮೇಲೆ ಎಳೆಯಬೇಕು ಅಂತ ಅವಳಿಗೆ ಹೇಳಿದ್ದೇನೆ.” ಬಾಗಿಲಿಗೆ ಬರೆದದ್ದು ಸರಿ, ಆದರೆ ಅದರಲ್ಲಿ ನಾನು ಇದ್ದೆ. ಮನೆಯಲ್ಲಿ ನೀನು ಮಾಡುತ್ತಿದ್ದ ಸಣ್ಣ ಕೆಲಸಗಳೇನು? ಅವನ್ನು ಯಾರಿಗೆ ವಹಿಸುತ್ತೀಯ? ಅದನ್ನು ಬರೆ. ಸಂಜೆ ಕಿಟಕಿ ಹಾಕುವುದಿರಲಿ, ಬಾವಿಗೆ ಮುಚ್ಚಳ ಮುಚ್ಚುವುದಿರಲಿ.

ಕಹಿಯ ವಿಷಯ ನೀನು ಕೇಳಿದ್ದೆ. ಕೋಣೆಗೆ ಸೇರಿದ ಕಹಿಯನ್ನು ಬರೆಯಬಹುದು. ಜ್ವರದಲ್ಲಿ ಮಲಗಿ ಎಣಿಸಿದ ತೊಲೆಗಳು, ಬೈಸಿಕೊಂಡು ಓಡಿಹೋಗಿ ಅಡಗಿದ ಅಟ್ಟ. ಅಪ್ಪ ಅಮ್ಮನ ನಡುವಿನ ಜಗಳ, ಯಾರೋ ಆಡಿದ ಮಾತು, ಅದು ಮನುಷ್ಯರಿಗೆ ಸೇರಿದ್ದು. ಅವರನ್ನು ಎದುರು ಕೂರಿಸಿಕೊಂಡು ಗೋಡೆಗೆ ದೂರು ಹೇಳಿದರೆ ಅವರು ಉತ್ತರ ಕೊಡುವುದಾದರೂ ಹೇಗೆ?

ಆಪ್ತ ಸಲಹೆಯ ಕೆಲಸದಲ್ಲಿರುವ ಓದುಗರೊಬ್ಬರು

ಕಹಿಗೆ ಬೇರೆಯೇ ಒಂದು ಕಾಗದ ಇರಲಿ, ನಿಮಗೆ ಮಾತ್ರ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಕಹಿ ಅನುಭವ ಬರೆದರು. ನಡೆದದ್ದು, ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಂತರದ ಅಧ್ಯಯನಗಳಲ್ಲಿ ಈ ಪರಿಣಾಮ ಸಣ್ಣದು, ಎಲ್ಲರಿಗೂ ಒಂದೇ ಥರ ಅಲ್ಲ ಅಂತ ಕಂಡಿದೆ. ನಿಮಗೆ ಬೇಕಾದ ಸಂಗತಿ ಬೇರೆ: ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಅದಕ್ಕೇ ಹೊರಡುವ ಹಿಂದಿನ ರಾತ್ರಿ ಅದನ್ನು ಬರೆಯಬೇಡಿ. ಈ ವಾರವೇ ಬರೆದು ಮುಗಿಸಿ. ಬರೆದ ಮೇಲೆ ಹಲವು ದಿನ ನಿದ್ದೆ ಬಾರದಿದ್ದರೆ ನಿಲ್ಲಿಸಿ, ನಂಬಿಕೆಯವರ ಹತ್ತಿರ ಮಾತಾಡಿ.

ಹಳೆಯ ಕಾಗದಪತ್ರ ಕಾಪಾಡುವ ಕೆಲಸ ಮಾಡಿದವರೊಬ್ಬರು

ಓದಿದ ಮೇಲೆ ಪತ್ರವನ್ನು ಏನು ಮಾಡುತ್ತೀರಿ? ತುಂಬಾ ಜನ ಗೋಡೆಯ ಸಂದಿಯಲ್ಲೋ ತೊಲೆಯ ಮೇಲೋ ಇಟ್ಟು ಹೋಗುತ್ತಾರೆ. ದಯವಿಟ್ಟು ಬೇಡ. ತೇವ, ಗೆದ್ದಲು, ಕಾಗದ ತಿನ್ನುವ ಹುಳು, ಮೂರೂ ಅಲ್ಲೇ ಇರುತ್ತವೆ.

ಸೀಸದ ಕಡ್ಡಿಯಲ್ಲಿ ಬರೆದದ್ದು ಬೆಳಕಿಗೆ ಮಾಸುವುದಿಲ್ಲ, ನೀರು ಬಿದ್ದರೆ ಹರಡುವುದೂ ಇಲ್ಲ. ಎಷ್ಟೋ ಪೆನ್ನಿನ ಶಾಯಿ ಎರಡಕ್ಕೂ ಸೋಲುತ್ತದೆ. ಅಗ್ಗದ ಕಾಗದದಲ್ಲಿ ಆಮ್ಲ ಜಾಸ್ತಿ, ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಆಮ್ಲ ಇಲ್ಲದ ಕಾಗದ ಕೇಳಿ ತನ್ನಿ. ಪಿನ್ನು ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಆಗುವುದಿಲ್ಲ. ಮಡಿಸದೆ, ಬೆಳಕು ಬೀಳದ ಒಣ ಪೆಟ್ಟಿಗೆಯಲ್ಲಿಡಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ನಿಮ್ಮ ಜೊತೆ ಬರಲಿ.

ಪತ್ರದ ಹಿಂದೆ ತಾರೀಕು, ನಿಮ್ಮ ಪೂರ್ತಿ ಹೆಸರು, ಆ ದಿನ ಮನೆಯಲ್ಲಿದ್ದವರ ಹೆಸರು ಬರೆಯಿರಿ. ಶಿಕ್ಷಕಿ ಹೇಳಿದ ನಕ್ಷೆಯನ್ನು ಎಸೆಯಬೇಡಿ, ಜೊತೆಗೇ ಇಡಿ. “ಹಿಂದಿನ ಕೋಣೆ” ಅಂದರೆ ಯಾವುದು ಅಂತ ಈಗ ಎಲ್ಲರಿಗೂ ಗೊತ್ತು. ಮುಂದೊಂದು ದಿನ ಗೋಡೆ ಒಡೆದು ಕೋಣೆ ಸೇರಿಸಿದರೆ, ಓದುವವರಿಗೆ ಅದು ಎಲ್ಲಿತ್ತು ಅಂತ ತೋರಿಸಲು ಆ ನಕ್ಷೆ ಬೇಕು.